28 ಡಾಲರಿನ ಗೆರೆ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಬ್ಬ ರಾಶಿಯ ಮುಂದೆ ನಿಂತು, ಹಿಡಿ ಗೂಡು ಎತ್ತಿ ಅಂಗೈಯಲ್ಲಿ ಒತ್ತಿ ನೋಡುವಾಗ ಅವನ ತಲೆಯೊಳಗೆ ಒಂದು ಸಣ್ಣ ಭಾಗಾಕಾರ ನಡೆದಿರುತ್ತದೆ. ಈ ಗೂಡನ್ನು ಎಷ್ಟು ಕೆ.ಜಿ. ಬಿಚ್ಚಿದರೆ ಒಂದು ಕೆ.ಜಿ. ನೂಲು ಸಿಕ್ಕೀತು? ರೇಷ್ಮೆಯವರು ಇದನ್ನು ರೆಂಡಿಟ್ಟ ಅನ್ನುತ್ತಾರೆ. ನಮ್ಮ ಮಿಶ್ರತಳಿ ಗೂಡಾದರೆ ಏಳು ಎಂಟು ಕೆ.ಜಿ. ಬೇಕು. ಒಳ್ಳೆಯ ದ್ವಿತಳಿ ಗೂಡಿಗೆ ಆರೂವರೆಯೊಳಗೆ ಮುಗಿದೀತು.

ಲೆಕ್ಕ ಹಿಡಿಯಲು ಸುಲಭವಾಗಲೆಂದು ದುಂಡು ಅಂಕಿ ಇಟ್ಟುಕೊಳ್ಳೋಣ. ನೂಲಿನ ದರ ಕೆ.ಜಿ.ಗೆ 1,200 ರೂಪಾಯಿ. ಸೌದೆ, ಕರೆಂಟು, ಕೂಲಿ, ತನ್ನ ಪಾಲು ಎಲ್ಲ ಸೇರಿ ರೀಲರ್‌ಗೆ 200 ರೂಪಾಯಿ ಬೇಕು. ಉಳಿದ ಸಾವಿರವನ್ನು ಎಂಟರಿಂದ ಭಾಗಿಸಿದರೆ 125. ಅಲ್ಲಿಗೆ ಹರಾಜಿನಲ್ಲಿ ಅವನು ಗೂಡಿಗೆ ಕೂಗಬಹುದಾದ ಕೊನೆಯ ದರ ಅದು. ಈಗ ನೂಲಿನ ದರ ಸಾವಿರಕ್ಕೆ ಇಳಿಯಿತು ಅನ್ನಿ. ಸೌದೆ, ಕೂಲಿ ಇಳಿಯಲಿಲ್ಲ. 800ನ್ನು ಎಂಟರಿಂದ ಭಾಗಿಸಿದರೆ 100. ನೂಲಿನ ದರ ಇಳಿದದ್ದು ಆರರಲ್ಲೊಂದು ಪಾಲು, ಗೂಡಿನ ದರ ಇಳಿದದ್ದು ಐದರಲ್ಲೊಂದು ಪಾಲು. ಬೆಲೆ ಬಿದ್ದ ಪೆಟ್ಟು ರೀಲರ್‌ನ ಕೈದಾಟಿ, ಇನ್ನಷ್ಟು ಭಾರವಾಗಿ, ಹಿಪ್ಪುನೇರಳೆ ತೋಟಕ್ಕೆ ಹೋಗಿ ಬೀಳುತ್ತದೆ.

ಈ ಭಾಗಾಕಾರ 2000ದ ನಂತರದ ಎರಡು ಮೂರು ವರ್ಷ ಕೋಲಾರ, ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯ ಸಾವಿರಾರು ಮನೆಗಳನ್ನು ಕಾಡಿತು. ಚೀನಾದ ಕಚ್ಚಾ ರೇಷ್ಮೆ ಬಂದರುಗಳಲ್ಲಿ ಇಳಿಯುವುದು ಹೆಚ್ಚುತ್ತ ಹೋಯಿತು. 2000–01ರಲ್ಲಿ ದೇಶಕ್ಕೆ ಬಂದ ಕಚ್ಚಾ ರೇಷ್ಮೆ ಸುಮಾರು 4,700 ಟನ್ ಇದ್ದದ್ದು, 2002–03ರ ವೇಳೆಗೆ 9,000 ಟನ್ ಮುಟ್ಟಿತು. ಆಗ ಇಡೀ ಭಾರತ ತೆಗೆಯುತ್ತಿದ್ದ ಹಿಪ್ಪುನೇರಳೆ ರೇಷ್ಮೆಯೇ ಹದಿನೈದು ಸಾವಿರ ಟನ್ನಿನ ಆಸುಪಾಸು. ಬೆಳೆಗಾರರೂ ರೀಲರ್‌ಗಳೂ ಒಂದೇ ಮಾತು ಹೇಳತೊಡಗಿದರು: ಚೀನಾದವರು ರೇಷ್ಮೆಯನ್ನು ಮಾರುತ್ತಿಲ್ಲ, ತಂದು ಸುರಿಯುತ್ತಿದ್ದಾರೆ.

ಸುರಿಯುವುದು. ‘ಡಂಪಿಂಗ್’ ಎಂಬ ಪದದ ನೇರ ಅರ್ಥವೂ ಅದೇ. ಆದರೆ ಕಾನೂನಿನ ಕಣ್ಣಿಗೆ ಸುರಿಯುವುದಕ್ಕೂ ರಾಶಿಯ ಗಾತ್ರಕ್ಕೂ ಸಂಬಂಧವಿಲ್ಲ. ಬೆಲೆ ಅಗ್ಗವೆಂಬುದಕ್ಕೂ ನೇರ ಸಂಬಂಧವಿಲ್ಲ. ಬೇರೆಯವರು ನಮಗಿಂತ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ತಯಾರಿಸಿ ಅಗ್ಗಕ್ಕೆ ಮಾರಿದರೆ ಅದು ವ್ಯಾಪಾರ, ಅದಕ್ಕೆ ಯಾರೂ ತಕರಾರು ಎತ್ತುವಂತಿಲ್ಲ. ಒಬ್ಬ ತಯಾರಕ ತನ್ನ ದೇಶದ ಗಿರಾಕಿಗೆ ಹೇಳುವ ಬೆಲೆಗಿಂತ ಕಡಿಮೆಗೆ, ಅಥವಾ ತನಗೆ ಬಿದ್ದ ಅಸಲಿಗಿಂತ ಕಡಿಮೆಗೆ, ಪರದೇಶಕ್ಕೆ ಮಾರಿದರೆ ಮಾತ್ರ ಅದು ಡಂಪಿಂಗ್. ಅಂದರೆ ಹೋಲಿಕೆ ನಮ್ಮ ಬೆಲೆಗೂ ಅವರ ಬೆಲೆಗೂ ಅಲ್ಲ; ಅವರು ಮನೆಯಲ್ಲಿ ಹೇಳುವ ಬೆಲೆಗೂ ಹೊರಗೆ ಹೇಳುವ ಬೆಲೆಗೂ. ಈ ವಿಷಯದ ಬಹುತೇಕ ಗೊಂದಲ ಹುಟ್ಟುವುದು ಇದನ್ನು ಮರೆತಾಗ.

ಅಸಲಿಗಿಂತ ಕಡಿಮೆಗೆ ಯಾರಾದರೂ ಯಾಕೆ ಮಾರುತ್ತಾರೆ? ನಮ್ಮನ್ನು ಮುಗಿಸಲೆಂದೇ ಎಂಬ ಉತ್ತರ ಥಟ್ಟನೆ ಬರುತ್ತದೆ. ಹಾಗೆ ಮಾಡುವವರು ಇಲ್ಲವೆಂದಲ್ಲ. ಆದರೆ ಹೆಚ್ಚಿನ ಸಲ ಕಾರಣ ಅದಕ್ಕಿಂತ ಸಪ್ಪೆಯಾದದ್ದು. ನೂಲು ಬಿಚ್ಚುವ ಒಂದು ದೊಡ್ಡ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅದಕ್ಕೆ ಒಂದು ಕೆ.ಜಿ. ನೂಲಿಗೆ ಒಟ್ಟು 25 ಡಾಲರ್ ಬೀಳುತ್ತದೆ. ಅದರಲ್ಲಿ ಗೂಡಿಗೆ, ಕೂಲಿಗೆ 19. ಯಂತ್ರ, ಕಟ್ಟಡ, ಸಾಲದ ಬಡ್ಡಿಗೆ 6. ಊರಿನ ಗಿರಾಕಿಗಳಿಗೆ 26ರಂತೆ ಮಾರಿಯಾಯಿತು, ಇನ್ನು ಅಲ್ಲಿ ಕೊಳ್ಳುವವರಿಲ್ಲ. ಯಂತ್ರ ಅರ್ಧ ಹೊತ್ತು ಸುಮ್ಮನೆ ನಿಂತಿದೆ, ಬಡ್ಡಿ ಮಾತ್ರ ನಿಂತಿಲ್ಲ. ಈಗ ಪರದೇಶದಿಂದ 21 ಡಾಲರಿಗೆ ಕೇಳಿದರೆ? ಪೂರ್ತಿ ಲೆಕ್ಕದಲ್ಲಿ 4 ಡಾಲರ್ ನಷ್ಟ. ಆದರೆ ಯಂತ್ರ ಸುಮ್ಮನೆ ನಿಲ್ಲುವುದಕ್ಕೆ ಹೋಲಿಸಿದರೆ 2 ಡಾಲರ್ ಲಾಭ. ಬುದ್ಧಿಯಿರುವ ಮಾಲೀಕ ಮಾರುತ್ತಾನೆ. ಸಂಜೆ ಸಂತೆ ಮುರಿಯುವ ಹೊತ್ತಿಗೆ ಸೊಪ್ಪಿನವಳು ಬಂದ ಬೆಲೆಗೆ ಕೊಟ್ಟು ಬುಟ್ಟಿ ಖಾಲಿ ಮಾಡುವುದೂ ಇದೇ ವಿವೇಕ.

ಸೊಪ್ಪಿನವಳಿಗೆ ಒಂದು ತೊಂದರೆಯಿದೆ. ಸಂಜೆಯ ಬೆಲೆ ಎಲ್ಲರಿಗೂ ಕಾಣಿಸುತ್ತದೆ, ನಾಳೆಯಿಂದ ಗಿರಾಕಿಗಳು ಸಂಜೆಗೇ ಬಂದಾರು. ಕಾರ್ಖಾನೆಯ ಮಾಲೀಕನಿಗೆ ಆ ಭಯವಿಲ್ಲ. ಹೊರಗೆ ಅಗ್ಗಕ್ಕೆ ಮಾರಿದ ಮಾಲು ತಿರುಗಿ ಊರಿಗೆ ಬಂದು ಅವನ ದರವನ್ನೇ ಕೆಡಿಸಬೇಕಾದರೆ ಹಡಗಿನ ಬಾಡಿಗೆ ದಾಟಬೇಕು, ಅಲ್ಲಿನ ಆಮದು ಸುಂಕ ದಾಟಬೇಕು. ಹೀಗೆ ಬೇಲಿಯೊಳಗಿನ ಒಂದು ಮಾರುಕಟ್ಟೆ ಕೈಯಲ್ಲಿದ್ದರೆ ಮಾತ್ರ ಎರಡು ಬೆಲೆ ನಡೆಯುತ್ತದೆ. ಡಂಪಿಂಗ್ ಕಂಡಲ್ಲಿ ಹಿಂದೆ ಒಂದು ಬೇಲಿ ಹುಡುಕಬೇಕು ಎಂದು ಅರ್ಥಶಾಸ್ತ್ರದವರು ಹೇಳುವುದು ಇದಕ್ಕೆ.

ಸರಿ, ಅವರು ನಷ್ಟಕ್ಕೆ ಕೊಡುತ್ತಾರೆ, ನಾವು ಕೊಳ್ಳುತ್ತೇವೆ. ಇದರಲ್ಲಿ ನಮಗೇನು ಸಂಕಟ? ಪ್ರಶ್ನೆ ತಮಾಷೆಯದಲ್ಲ. ಡಂಪಿಂಗ್ ಬಗ್ಗೆ 1923ರಲ್ಲಿ ಮೊದಲ ದೊಡ್ಡ ಪುಸ್ತಕ ಬರೆದ ಜೇಕಬ್ ವೈನರ್ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಪರದೇಶದವನು ಎಂದೆಂದಿಗೂ ಅಗ್ಗವಾಗಿ ಕೊಡುತ್ತಾನೆಂದರೆ ಕೊಳ್ಳುವ ದೇಶಕ್ಕೆ ಒಟ್ಟಿನಲ್ಲಿ ಲಾಭವೇ. ಕೆಡುಕು ಇರುವುದು ಕೆಲವು ತಿಂಗಳೋ ವರ್ಷವೋ ಸುರಿದು ಆಮೇಲೆ ನಿಲ್ಲಿಸುವ ಬಗೆಯಲ್ಲಿ ಎಂಬುದು ಅವರ ವಾದದ ತಿರುಳು. ಇದು ರೇಷ್ಮೆಗೆ ಎಷ್ಟು ಹೊಂದುತ್ತದೆ ನೋಡಿ. ಹಿಪ್ಪುನೇರಳೆ ರಾಗಿಯಂತಲ್ಲ, ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುವ ತೋಟ. ದರ ಬಿತ್ತೆಂದು ರೈತ ಬೇರು ಸಮೇತ ಕಿತ್ತರೆ, ಮತ್ತೆ ನೆಟ್ಟು ಪೂರ್ತಿ ಸೊಪ್ಪು ಕೈಗೆ ಬರಲು ವರ್ಷ ಕಾಯಬೇಕು. ಹುಳು ಮನೆ ದನದ ಕೊಟ್ಟಿಗೆಯಾಗಿರುತ್ತದೆ, ಚಂದ್ರಿಕೆಗಳು ಸೌದೆಯಾಗಿರುತ್ತವೆ, ನೂಲು ಬಿಚ್ಚುವ ಕೈಗಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿರುತ್ತವೆ. ಅಷ್ಟರಲ್ಲಿ ಚೀನಾದ ಮಾಲು ಬರುವುದು ನಿಂತರೆ ಅಥವಾ ತುಟ್ಟಿಯಾದರೆ, ಅಗ್ಗದ ನೂಲು ಕೊಂಡ ಲಾಭವೂ ಉಳಿಯುವುದಿಲ್ಲ, ತೋಟವೂ ಉಳಿದಿರುವುದಿಲ್ಲ.

ಇದಕ್ಕೆ ತಡೆಯಾಗಿ ಕಾನೂನು ಮಾಡಿದ ಮೊದಲ ದೇಶ ಕೆನಡಾ, 1904ರಲ್ಲಿ. 1947ರ ಗ್ಯಾಟ್ ಒಪ್ಪಂದದ ಆರನೇ ವಿಧಿ ಅದನ್ನು ಅಂತರರಾಷ್ಟ್ರೀಯ ನಿಯಮವಾಗಿಸಿತು, 1995ರಲ್ಲಿ ಬಂದ ವಿಶ್ವ ವ್ಯಾಪಾರ ಸಂಸ್ಥೆ ಅದಕ್ಕೆ ವಿವರವಾದ ಕಟ್ಟಳೆ ಕೊಟ್ಟಿತು. ಗಮನಿಸಬೇಕಾದ್ದು, ಈ ಕಟ್ಟಳೆ ಡಂಪಿಂಗನ್ನು ಅಪರಾಧವೆಂದು ಕರೆಯುವುದಿಲ್ಲ. ಮೂರು ಸಂಗತಿ ರುಜುವಾತಾದರೆ ಆಮದು ಮಾಡುವ ದೇಶ ಹೆಚ್ಚುವರಿ ಸುಂಕ ಹಾಕಬಹುದು ಎನ್ನುತ್ತದೆ, ಅಷ್ಟೆ. ಮಾಲು ಡಂಪ್ ಆಗಿರಬೇಕು, ದೇಶದೊಳಗಿನ ಉದ್ಯಮಕ್ಕೆ ಪೆಟ್ಟು ಬಿದ್ದಿರಬೇಕು, ಆ ಪೆಟ್ಟಿಗೆ ಆ ಮಾಲೇ ಕಾರಣವಾಗಿರಬೇಕು. ಭಾರತದಲ್ಲಿ ಈ ತನಿಖೆ ವಾಣಿಜ್ಯ ಸಚಿವಾಲಯದ ಅಧಿಕಾರಿಯದ್ದು. ಅವರು ಶಿಫಾರಸು ಮಾಡುತ್ತಾರೆ. ಸುಂಕ ಹಾಕುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಹಣಕಾಸು ಸಚಿವಾಲಯ.

ಮೊದಲನೆಯದೇ ಕಷ್ಟದ್ದು. ಚೀನಾದೊಳಗೆ ರೇಷ್ಮೆಯ ‘ಸಹಜ’ ಬೆಲೆ ಎಷ್ಟು? ಸಾಧಾರಣವಾಗಿ ಮಾರಾಟದ ಬಿಲ್ಲು ನೋಡಿದರಾಯಿತು. ಬಿಲ್ಲೇ ಅಸಲಿಗಿಂತ ಕೆಳಗಿದ್ದರೆ, ಅಂಥ ಮಾರಾಟ ಸಣ್ಣ ಪ್ರಮಾಣದ್ದಲ್ಲದೆ ದೀರ್ಘ ಕಾಲ ನಡೆದಿದ್ದರೆ, ಆ ಬಿಲ್ಲುಗಳನ್ನು ಪಕ್ಕಕ್ಕಿಟ್ಟು ಕಚ್ಚಾ ಮಾಲು, ಕೂಲಿ, ಮೇಲು ಖರ್ಚು, ಹಿತಮಿತ ಲಾಭ ಎಲ್ಲ ಕೂಡಿಸಿ ಬೆಲೆಯನ್ನು ಕಟ್ಟಿ ನೋಡಬಹುದು. ಚೀನಾ ವಿಷಯದಲ್ಲಿ ಇದರ ಮೇಲೆ ಇನ್ನೊಂದು ಗಂಟು. ಸರಕಾರವೇ ಬೆಲೆ ಹಿಡಿದಿಡುವ ದೇಶದಲ್ಲಿ ಬಿಲ್ಲಿನ ಅಂಕಿಗೆ ಅರ್ಥವೇನು ಎಂಬುದು. 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ಚೀನಾ ಒಂದು ಷರತ್ತಿಗೆ ಒಪ್ಪಿತ್ತು: ತನ್ನಲ್ಲಿ ಮಾರುಕಟ್ಟೆ ಬೆಲೆಯೇ ನಡೆಯುತ್ತದೆಂದು ತಯಾರಕರು ತೋರಿಸಿಕೊಡದಿದ್ದರೆ, ಆಮದು ದೇಶ ಚೀನಾದ ಅಂಕಿ ಬಿಟ್ಟು ಬೇರೆ ಅಳತೆಗೋಲು ಹಿಡಿಯಬಹುದು. ಬೇರೆ ಅಳತೆಗೋಲೆಂದರೆ ಮೂರನೇ ದೇಶದ ಬೆಲೆ, ಇಲ್ಲವೇ ತನಿಖೆ ಮಾಡುವ ದೇಶವೇ ಕಟ್ಟಿದ ಲೆಕ್ಕ. ಯಾವ ಕೋಲು ಹಿಡಿದರೆ ಎಷ್ಟು ಉದ್ದ ಬರುತ್ತದೆಂಬುದು ಹಿಡಿದವರಿಗೆ ಮೊದಲೇ ಗೊತ್ತಿರುತ್ತದೆ ಎಂದು ಚೀನಾ ದೂರುವುದರಲ್ಲಿ ಸ್ವಲ್ಪ ಹುರುಳಿದೆ.

ಅಳತೆಗೋಲಿನ ಪೆಟ್ಟು ನಮಗೂ ಬಿದ್ದಿದೆ. ಭಾರತದ ಹತ್ತಿ ಹಾಸಿಗೆ ವಸ್ತ್ರದ ಮೇಲೆ ಐರೋಪ್ಯ ಸಮುದಾಯ 1997ರಲ್ಲಿ ಡಂಪಿಂಗ್ ಸುಂಕ ಹಾಕಿತು. ಅವರ ಲೆಕ್ಕದ ಜಾಣತನ ಹೀಗಿತ್ತು. ಒಬ್ಬ ರಫ್ತುದಾರ ಒಂದು ಬಗೆಯ ಹಾಸನ್ನು ಸಹಜ ಬೆಲೆಗಿಂತ 10 ಕಡಿಮೆಗೆ, ಇನ್ನೊಂದು ಬಗೆಯದನ್ನು 10 ಹೆಚ್ಚಿಗೆ ಮಾರಿದ್ದಾನೆ ಅನ್ನಿ. ಕೂಡಿ ಕಳೆದರೆ ಸೊನ್ನೆ, ಡಂಪಿಂಗ್ ಇಲ್ಲ. ಅವರು ಹೆಚ್ಚಿಗೆ ಮಾರಿದ್ದನ್ನು 10 ಎಂದು ಬರೆಯದೆ ಸೊನ್ನೆ ಎಂದು ಬರೆದರು. ಆಗ ಉಳಿಯುವುದು ಕಡಿಮೆಗೆ ಮಾರಿದ 10 ಮಾತ್ರ. ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿತು. 2001ರ ಮಾರ್ಚಿನಲ್ಲಿ ಅಲ್ಲಿನ ಮೇಲ್ಮನವಿ ಪೀಠ ಈ ಸೊನ್ನೆಯಾಟ ಒಪ್ಪಂದಕ್ಕೆ ವಿರುದ್ಧವೆಂದು ಹೇಳಿತು. ಇದಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ರೇಷ್ಮೆಯ ವಿಷಯದಲ್ಲಿ ಸುಂಕ ಹಾಕುವ ಸರದಿ ನಮ್ಮದಾಗಿತ್ತು.

ಪೆಟ್ಟು ಬಿದ್ದಿದೆ ಎಂದು ತೋರಿಸುವುದು ಕಾಗದದ ಕೆಲಸ. ಮಾರಾಟ, ದಾಸ್ತಾನು, ಲಾಭ, ಕೆಲಸಗಾರರ ಸಂಖ್ಯೆ, ಆಮದು ಮಾಲು ನಮ್ಮ ದರವನ್ನು ಎಷ್ಟು ಕೆಳಗೆಳೆಯಿತು ಎಂಬುದು, ಎಲ್ಲಕ್ಕೂ ಕೆಲವು ವರ್ಷದ ಲೆಕ್ಕ ಬೇಕು. ಉಕ್ಕಿನ ಕಂಪನಿಗೆ ಇದು ಒಂದು ವಾರದ ಕೆಲಸ, ಲೆಕ್ಕಪರಿಶೋಧಕರು ಮಾಡಿ ಕೊಡುತ್ತಾರೆ. ಮನೆ ಜಗುಲಿಯಲ್ಲಿ ಚರಕವೋ ನಾಲ್ಕು ಕಾಟೇಜ್ ಬೇಸಿನ್ನೋ ಇಟ್ಟುಕೊಂಡ ಶಿಡ್ಲಘಟ್ಟದ ರೀಲರ್ ಎಲ್ಲಿಂದ ತಂದಾನು? ದೇಶದ ಒಟ್ಟು ಉತ್ಪಾದನೆಯಲ್ಲಿ ಕಾಲು ಭಾಗವಾದರೂ ಮಾಡುವವರ ಬೆಂಬಲ ಅರ್ಜಿಗೆ ಬೇಕೆಂಬ ನಿಯಮ ಬೇರೆ. ಡಂಪಿಂಗ್ ಕಾನೂನು ಉಕ್ಕು, ರಾಸಾಯನಿಕ, ಟೈರಿನವರ ಕೈಗೆ ಸಲೀಸಾಗಿ ಸಿಕ್ಕು, ಚದುರಿಹೋದ ಕಸುಬುಗಳಿಗೆ ಅಪರೂಪಕ್ಕೆ ಸಿಗುವುದಕ್ಕೆ ಇದೇ ಕಾರಣ.

ಇನ್ನು ಕಾರಣದ ಪ್ರಶ್ನೆ. ಅದೇ ವರ್ಷಗಳಲ್ಲಿ ಕರ್ನಾಟಕ ಸಾಲು ಸಾಲು ಬರ ಕಂಡಿತು. ಕೋಲಾರದ ಕಡೆ ಕೊಳವೆ ಬಾವಿಗಳು ಒಣಗಿ ಹಿಪ್ಪುನೇರಳೆ ತಾನಾಗಿಯೇ ಒಣಗುತ್ತಿತ್ತು. ತೋಟ ಕಡಿಮೆಯಾದದ್ದು ಚೀನಾದಿಂದಲೋ ಮಳೆಯಿಂದಲೋ? ಬೇರೆ ಕಾರಣದಿಂದ ಬಿದ್ದ ಪೆಟ್ಟನ್ನು ಆಮದಿನ ತಲೆಗೆ ಕಟ್ಟಬಾರದು ಎಂದು ಒಪ್ಪಂದ ಸ್ಪಷ್ಟವಾಗಿಯೇ ಹೇಳುತ್ತದೆ. ಇದನ್ನು ಬಿಡಿಸಲು ಒಂದು ದಾರಿ ಬೆಲೆಯನ್ನು ನೋಡುವುದು. ಬರ ಬಂದು ಬೆಳೆ ಕುಗ್ಗಿದಾಗ ದರ ಏರಬೇಕು. ಬೆಳೆಯೂ ಕುಗ್ಗಿ ದರವೂ ಕುಸಿದರೆ, ಕಾರಣ ತೋಟದ ಹೊರಗಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ರೈತರ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದು. ಅದಕ್ಕೆ ಯಾವ ಕಾಗದವೂ ಬೇಡ, ಮಾರುಕಟ್ಟೆಯ ಕಪ್ಪು ಹಲಗೆ ಸಾಕು.

2003ರ ಜನವರಿಯಿಂದ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ, ‘2ಎ’ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ, ಆ್ಯಂಟಿ ಡಂಪಿಂಗ್ ಸುಂಕ ಬಂತು. ಅದರ ರೂಪ ವಿಚಿತ್ರ. ಇಷ್ಟು ಶೇಕಡ ಎಂದು ಹೇಳದೆ, ಕೆ.ಜಿ.ಗೆ ಸುಮಾರು 28 ಡಾಲರಿಗೆ ಒಂದು ಗೆರೆ ಎಳೆದರು. ಆಗಿನ ವಿನಿಮಯದಲ್ಲಿ ಅದು 1,300 ರೂಪಾಯಿಯ ಆಸುಪಾಸು. ಬಂದರಿಗೆ ಬಂದಿಳಿಯುವ ಬೆಲೆ ಗೆರೆಗಿಂತ ಎಷ್ಟು ಕೆಳಗಿದೆಯೋ ಅಷ್ಟೇ ಸುಂಕ. 20 ಡಾಲರಿಗೆ ಬಂದರೆ 8, 25ಕ್ಕೆ ಬಂದರೆ 3, ಗೆರೆ ಮುಟ್ಟಿದರೆ ಸೊನ್ನೆ.

ಮೇಲ್ನೋಟಕ್ಕೆ ನ್ಯಾಯವಾದ ಏರ್ಪಾಡು. ಯಾರೂ 28ಕ್ಕಿಂತ ಅಗ್ಗಕ್ಕೆ ತರಲಾಗದು, ಗೆರೆಯ ಮೇಲಿನವರಿಗೆ ತೊಂದರೆಯಿಲ್ಲ. ಆದರೆ ಆಮದು ಮಾಡುವವನ ಕುರ್ಚಿಯಲ್ಲಿ ಕೂತು ನೋಡಿ. ಬಿಲ್ಲಿನಲ್ಲಿ 20 ಎಂದಿದ್ದರೂ 28 ಎಂದಿದ್ದರೂ ಒಟ್ಟು ಕೈಬಿಡುವುದು ಹೆಚ್ಚು ಕಡಿಮೆ ಅಷ್ಟೇ. ಹಾಗಿದ್ದಮೇಲೆ 8 ಡಾಲರನ್ನು ಭಾರತ ಸರಕಾರಕ್ಕೆ ಯಾಕೆ ಕೊಡಬೇಕು? ಚೀನಾದ ಮಾರಾಟಗಾರ 28ಕ್ಕೇ ಬಿಲ್ಲು ಬರೆದರೆ ಆ 8 ಅವನ ಜೇಬಿಗೆ. ಅದರಲ್ಲಿ ಒಂದು ಪಾಲು ಬೇರೆ ದಾರಿಯಿಂದ ಆಮದುದಾರನಿಗೆ ವಾಪಸು ಬಂದರೆ, ಕಾಗದದ ಮೇಲೆ ಡಂಪಿಂಗ್ ಇಲ್ಲ, ಸುಂಕವಿಲ್ಲ, ನೂಲು ಮಾತ್ರ ಮೊದಲಿನಷ್ಟೇ ಅಗ್ಗ. ಇಂಥ ಸುಂಕದ ಹುಟ್ಟುಗುಣವೇ ಇದು. ದರ್ಜೆಯ ಗೆರೆಯದೂ ಅದೇ ಕತೆ. 2ಎ ಮೇಲಿನ 3ಎ ಸುಂಕದ ಹೊರಗಿದ್ದಾಗ, ಒಂದು ಲಡಿ ನೂಲು ಎರಡೋ ಮೂರೋ ಎಂದು ಬಂದರಿನ ಅಧಿಕಾರಿ ಬರಿಗಣ್ಣಿಗೆ ಹೇಳಲಾರ, ಅದಕ್ಕೆ ಪ್ರಯೋಗಾಲಯ ಬೇಕು.

ನೂಲಿಗೆ ಬೇಲಿ ಹಾಕಿದರೆ ಬಟ್ಟೆಯಾಗಿ ಬರುವ ದಾರಿ ತೆರೆದೇ ಇತ್ತು. ಚೀನಾದ ತೆಳು ರೇಷ್ಮೆ ಬಟ್ಟೆಯ ಮೇಲೂ 2006ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಹಾಕಬೇಕಾಯಿತು. ಬಾಗಿಲು ಹಾಕಿದ ಮೇಲೆ ಕಿಟಕಿ.

ಇಷ್ಟು ಹೊತ್ತು ಒಂದು ಕಡೆಯ ಜನರನ್ನೇ ನೋಡಿದ್ದಾಯಿತು. ಬನಾರಸ್, ಕಂಚಿ, ಧರ್ಮಾವರಂ, ನಮ್ಮದೇ ದೊಡ್ಡಬಳ್ಳಾಪುರದ ಮಗ್ಗದವರನ್ನು ಕೇಳಿದರೆ ಕತೆ ಬೇರೆ. ಪವರ್‌ಲೂಮಿನ ಹಾಸಿಗೆ ಎಳೆತ ತಡೆಯುವ, ಉದ್ದಕ್ಕೂ ಒಂದೇ ದಪ್ಪದ ನೂಲು ಬೇಕು. ಚೀನಾದ ದ್ವಿತಳಿ ನೂಲು ಹಾಗಿದೆ. ನಮ್ಮ ಚರಕದ ನೂಲು ಹೊಕ್ಕಿಗೆ ಚೆಂದ, ಹಾಸಿಗೆ ಹಾಕಿದರೆ ಪದೇ ಪದೇ ಕಡಿಯುತ್ತದೆ. ಕಡಿದಷ್ಟು ಸಲ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಅವರಿಗೆ ಚೀನಾ ನೂಲು ಬರೀ ಅಗ್ಗದ ನೂಲಲ್ಲ, ಬೇರೆಯದೇ ನೂಲು. ಗೂಡಿನ ರೈತನನ್ನು ಕಾಯುವ ಗೆರೆ ಅವರಿಗೆ ಕಚ್ಚಾ ಮಾಲಿನ ತೆರಿಗೆ. ಬಳಕೆದಾರರ ಮಾತು ಕೇಳಬೇಕೆಂದು ಒಪ್ಪಂದದಲ್ಲಿ ಬರೆದಿದೆ, ಕೇಳಿದ ಮೇಲೆ ಅದನ್ನು ತಕ್ಕಡಿಗೆ ಹಾಕಲೇಬೇಕೆಂದು ಬರೆದಿಲ್ಲ. ಆ್ಯಂಟಿ ಡಂಪಿಂಗ್ ಕಾನೂನಿನ ಅತಿ ದೊಡ್ಡ ಕೊರತೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಉತ್ಪಾದಕರ ಗಾಯಕ್ಕೆ ಅದರಲ್ಲಿ ಪುಟಗಟ್ಟಲೆ ಅಳತೆಯಿದೆ, ಕೊಳ್ಳುವವರ ಗಾಯಕ್ಕೆ ಅಂಥ ಒಂದೂ ಇಲ್ಲ.

ಸುಂಕಕ್ಕೆ ಐದು ವರ್ಷದ ಆಯುಸ್ಸು, ಮುಂದುವರಿಸಬೇಕಾದರೆ ಮರುವಿಚಾರಣೆ ಆಗಬೇಕು. ರೇಷ್ಮೆಯದು ಮುಂದುವರಿಯಿತು, ಗೆರೆಯನ್ನು 37 ಡಾಲರಿನ ಮೇಲಕ್ಕೆ ಎತ್ತಿದರು. ಅಷ್ಟರಲ್ಲಿ ಚೀನಾದಲ್ಲೇ ಕೂಲಿ ಏರಿ, ಕರಾವಳಿಯ ಹಿಪ್ಪುನೇರಳೆ ಹೊಲಗಳ ಮೇಲೆ ಕಾರ್ಖಾನೆಗಳು ಎದ್ದು, 2010ರ ಹೊತ್ತಿಗೆ ರೇಷ್ಮೆಯ ದರ ಅಲ್ಲಿಯೂ ಗಗನಕ್ಕೆ ಹೊರಟಿತ್ತು. ಬೆಲೆ ಗೆರೆ ದಾಟಿದರೆ ಸುಂಕ ಸೊನ್ನೆ. ಆಗ ನಮ್ಮ ಗೂಡಿಗೆ ಆಸರೆಯಾಗಿ ಉಳಿಯುವುದು ಎಲ್ಲ ದೇಶದ ಮಾಲಿಗೂ ಅನ್ವಯಿಸುವ ಸಾಮಾನ್ಯ ಆಮದು ಸುಂಕ. ಅದು ಆಗ ಶೇ. 30 ಇತ್ತು. ನೇಕಾರರು ತುಟ್ಟಿ ನೂಲಿನಿಂದ ಬಸವಳಿದಿದ್ದರು. 2011ರ ಕೇಂದ್ರ ಬಜೆಟ್ ಅವರ ಮಾತು ಕೇಳಿ ಆ ಸುಂಕವನ್ನು ಒಂದೇ ಏಟಿಗೆ ಶೇ. 5ಕ್ಕೆ ಇಳಿಸಿತು.

ಗೂಡಿನ ದರ ಕುಸಿಯಿತು, ರೈತರು ರಸ್ತೆಗಿಳಿದರು, ಗೂಡು ಬೀದಿಗೆ ಸುರಿದರು. ಚೀನಾ ಮತ್ತೆ ಸುರಿಯುತ್ತಿದೆ ಎಂಬ ಹಳೆಯ ಮಾತೇ ಭಾಷಣಗಳಲ್ಲಿ ಕೇಳಿಸಿತು. ಈ ಸಲ ಅದಕ್ಕೆ ಯಾವ ತನಿಖಾಧಿಕಾರಿಯೂ ಕಿವಿಗೊಡಬೇಕಾಗಿರಲಿಲ್ಲ. ಗೆರೆಯ ಮೇಲಿನ ಬೆಲೆಗೆ ಮಾಲು ಬಂದರೆ ಆ ಸುಂಕದ ಲೆಕ್ಕಕ್ಕೆ ಅದು ಡಂಪಿಂಗ್ ಅಲ್ಲ. ಬೆಲೆ ಇಳಿಸಿದ್ದು ದಿಲ್ಲಿಯ ಒಂದು ಸಾಲು. 2013ರ ಬಜೆಟ್ಟಿನಲ್ಲಿ ಆ ಸಾಲನ್ನು ತಿದ್ದಿ ಶೇ. 15 ಎಂದು ಬರೆದರು. ಆ ಎರಡು ವರ್ಷದಲ್ಲಿ ಕಿತ್ತ ತೋಟಗಳಿಗೆ ತಿದ್ದುಪಡಿ ತಲುಪುವಾಗ ಅಲ್ಲಿ ಟೊಮೆಟೊ ನಿಂತಿತ್ತು.